‘ನೋಡೋಣು ತಗೋ’ ಅನ್ನಿಸದ ಹಾಗೆ ರೆಫರಲ್ ಕೇಳೋದು

ನಮ್ಮ ಕಡೆ ಯಾರನ್ನಾದರೂ ಏನಾದರೂ ಕೇಳಿದರೆ ‘ಇಲ್ಲ’ ಅನ್ನೋ ಉತ್ತರ ಬರೋದು ಬಹಳ ಅಪರೂಪ. ‘ನೋಡೋಣು ತಗೋ’ ಅಂತಾರೆ. ಕಲಘಟಗಿ, ಹುಬ್ಬಳ್ಳಿ, ಧಾರವಾಡದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರೋರಿಗೆ ಹೇಳ್ತೀವಿ: ಅದು ಹೂಂ ಅಲ್ಲ, ಉಹುಂ ಕೂಡ ಅಲ್ಲ. ಕೇಳಿದವನ ಮುಖ ಸಣ್ಣದಾಗಬಾರದು ಅಂತ ಆಡೋ ಮಾತು. ಕೈಗಡ ಕೇಳಿದಾಗ ಇದೇ ಉತ್ತರ, ಬಿತ್ತನೆಗೆ ಟ್ರ್ಯಾಕ್ಟರ್ ಕೇಳಿದಾಗ ಇದೇ ಉತ್ತರ, ಈಗೀಗ ಬೆಂಗಳೂರಿನಲ್ಲಿರೋ ಸೀನಿಯರ್‌ಗೆ ರೆಫರಲ್ ಕೇಳಿದಾಗಲೂ ಇದೇ ಉತ್ತರ. ಟ್ರ್ಯಾಕ್ಟರ್ ಸಿಗದಿದ್ದರೆ ಸಂಜೆಯೊಳಗೆ ಬೇರೆಯವರ ಮನೆಗೆ ಹೋಗಬಹುದು. ರೆಫರಲ್ ಹಾಗಲ್ಲ. ‘ನೋಡೋಣು’ ಅಂದಿದ್ದನ್ನ ನಂಬಿ ಎರಡು ವಾರ ಕಾದರೆ ಆ ಹುದ್ದೆಯೇ ಕಂಪನಿಯ ಸೈಟಿನಿಂದ ಇಳಿದುಹೋಗಿರ್ತದೆ.

ನಾವು ನಾಲ್ಕು ಜನ ಕಲಘಟಗಿಯಿಂದ ದಿನಾ ಬಸ್ಸಿಗೆ ಹುಬ್ಬಳ್ಳಿಗೆ ಬರೋರು. ನಾಲ್ವರೂ ಸೆಕೆಂಡ್ ಇಯರ್, ನಾಲ್ವರೂ ಇಂಗ್ಲಿಷ್ ಮೀಡಿಯಂ, ಹಾಗಾಗಿ ಈ ಬರಹದಲ್ಲಿ ಒತ್ತಕ್ಷರ ತಪ್ಪಿದ್ದರೆ ಕ್ಷಮಿಸಿ. ಅದೇ ಬಸ್ಸಿಗೆ ಬರೋ ಒಬ್ಬ ಅಣ್ಣ ಇದ್ದಾರೆ, ಇ ಆಂಡ್ ಸಿ ಫೈನಲ್ ಇಯರ್. ಕೆಲಸದಲ್ಲಿ ಜಾಣ. ಆದರೆ ಪಿಯುಸಿಯಲ್ಲಿ 57 ಪರ್ಸೆಂಟ್. ಕ್ಯಾಂಪಸ್‌ಗೆ ಬರೋ ಬಹಳ ಕಂಪನಿಗಳು ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60 ಕೇಳ್ತವೆ. ಫಾರಂ ತುಂಬೋ ಹೊತ್ತಿಗೇ ಅಣ್ಣ ಹೊರಗೆ ಉಳೀತಿದ್ರು, ಟೆಸ್ಟ್ ಬರೆಯೋ ಮಾತು ದೂರ. ಮನೆಯಲ್ಲಿ ಎಜುಕೇಶನ್ ಲೋನ್ ಇದೆ. ಕೋರ್ಸ್ ಮುಗಿದ ಮೇಲೆ ಸ್ವಲ್ಪ ದಿನಕ್ಕೆ ಅದರ ಕಂತು ಶುರುವಾಗ್ತದೆ. ಉಳಿದದ್ದು ಹೊರಗಿನಿಂದ ಅಪ್ಲೈ ಮಾಡೋ ದಾರಿ, ಅದರಲ್ಲಿ ಯಾರಾದರೂ ರೆಫರ್ ಮಾಡಿದರೆ ಕನಿಷ್ಠ ರೆಸ್ಯೂಮೆಯನ್ನ ಒಬ್ಬ ಮನುಷ್ಯ ತೆಗೆದು ನೋಡೋ ಸಾಧ್ಯತೆ ಹೆಚ್ಚು.

ಊರಲ್ಲೇ ಒಬ್ಬ ಅಕ್ಕ ಇದ್ರು. ನಮ್ಮ ಕಾಲೇಜಿನವರೇ, ಬೆಂಗಳೂರಿನ ಒಂದು ಎಂಬೆಡೆಡ್ ಕಂಪನಿಯಲ್ಲಿ ಕೆಲಸ. ಅವರ ಮನೆ ಅಣ್ಣನ ಮನೆಯಿಂದ ಎರಡು ಓಣಿ ಆಚೆ. ಆದರೆ ಅಣ್ಣ ಅವರ ಜೊತೆ ಒಂದು ದಿನವೂ ಮಾತಾಡಿರಲಿಲ್ಲ. ವಿಷಯ ಮನೆಯಲ್ಲಿ ಗೊತ್ತಾದಾಗ ಅಣ್ಣನ ಅಪ್ಪ ಹೇಳಿದ್ದು ಒಂದೇ ಮಾತು: “ಅವರಪ್ಪ ನನ್ನ ಜೋಡಿ ಸಾಲಿ ಕಲಿತಾವ. ಒಂದು ಫೋನ್ ಹಚ್ಚಿದ್ರ ಆತು.”

ಆ ಫೋನ್ ಹಚ್ಚಬ್ಯಾಡ್ರಿ ಅಂತ ಅಣ್ಣ ತಡೆದರು. ನಮಗೆ ಮೊದಲು ಯಾಕೆ ಅಂತ ಅರ್ಥ ಆಗಲಿಲ್ಲ. ಊರಲ್ಲಿ ಕೆಲಸಗಳು ನಡೆಯೋದೇ ಹಾಗಲ್ವಾ? ಯೋಚನೆ ಮಾಡಿದರೆ ಗೊತ್ತಾಗ್ತದೆ. ಅಪ್ಪ ಅಕ್ಕನ ಅಪ್ಪನಿಗೆ ಹೇಳ್ತಾರೆ. ಅವರು ಮಗಳಿಗೆ ಫೋನ್ ಮಾಡಿ “ನಮ್ಮ ಹುಡುಗ ಅದಾನವ್ವಾ, ಒಂದೀಟು ಮಾಡಿಕೊಡು” ಅಂತಾರೆ. ಈಗ ಅಕ್ಕ ಉತ್ತರ ಕೊಡಬೇಕಾದ್ದು ಅಣ್ಣನಿಗಲ್ಲ, ತಮ್ಮ ಅಪ್ಪನಿಗೆ. ಇಲ್ಲ ಅಂದರೆ ಅಪ್ಪನ ಮಾತು ಹೋಗ್ತದೆ. ಹೂಂ ಅಂದರೆ ನೋಡದ ಹುಡುಗನ ಹೆಸರನ್ನ ತಮ್ಮ ಆಫೀಸಿನಲ್ಲಿ ಹೇಳಬೇಕು. ಇಂಥಾ ಹೊತ್ತಿನಲ್ಲಿ ಜನ ಏನು ಮಾಡ್ತಾರೆ ಅನ್ನೋದನ್ನ ನಮಗೆ ಹೇಳಿದ್ದು ಇನ್ನೊಬ್ಬ ಸೀನಿಯರ್. ಪುಣೆಯಲ್ಲಿ ಕೆಲಸ ಮಾಡೋ ಈ ಅಣ್ಣ ದೀಪಾವಳಿಗೆ ಊರಿಗೆ ಬಂದಿದ್ರು, ಇವರನ್ನ ಪುಣೆ ಅಣ್ಣ ಅಂತಲೇ ಕರೆಯೋಣ. “ಫಾರಂ ತುಂಬ್ತೇವಿ, ಕಮೆಂಟ್ ಬಾಕ್ಸ್ ಖಾಲಿ ಬಿಡ್ತೇವಿ. ರೆಫರ್ ಮಾಡಿದಂಗೂ ಆತು, ಮಾಡಲಾರದಂಗೂ ಆತು” ಅಂದ್ರು. ಅಂದ್ರೆ ಬಲವಂತದ ಹೂಂ ಕೂಡ ಒಂದು ‘ನೋಡೋಣು ತಗೋ’ನೇ, ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದ್ದು.

ಆ ಫಾರಂ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಕೇಳೋ ನಾವು ಅದನ್ನ ಯಾವತ್ತೂ ನೋಡಿರೋದಿಲ್ಲ. ನಮ್ಮ ತಲೆಯಲ್ಲಿ ರೆಫರಲ್ ಅಂದ್ರೆ ಸೀನಿಯರ್ ಹೋಗಿ ಮ್ಯಾನೇಜರ್ ಕಿವಿಯಲ್ಲಿ ಒಂದು ಮಾತು ಹೇಳೋದು. ದೊಡ್ಡ ಕಂಪನಿಗಳಲ್ಲಿ ಹಾಗಿರೋದಿಲ್ಲ. ಒಂದು ಪೋರ್ಟಲ್ ಇರ್ತದೆ. ಪುಣೆ ಅಣ್ಣ ಹೇಳಿದ ಪ್ರಕಾರ ಅದರಲ್ಲಿ ತುಂಬಬೇಕಾದ್ದು ಅಭ್ಯರ್ಥಿಯ ಹೆಸರು, ಇಮೇಲ್, ಫೋನ್ ನಂಬರ್, ಯಾವ ಹುದ್ದೆ ಅನ್ನೋದಕ್ಕೆ ಜಾಬ್ ಐಡಿ, ರೆಸ್ಯೂಮೆಯ ಪಿಡಿಎಫ್. ಇದಿಷ್ಟು ಕೈಯಲ್ಲಿದ್ದರೆ ಐದು ನಿಮಿಷದ ಕೆಲಸ. ಆಮೇಲೆ ಬರೋ ಎರಡು ಪ್ರಶ್ನೆಗಳೇ ಗಟ್ಟಿ. ಮೊದಲನೆಯದು, ಈ ವ್ಯಕ್ತಿ ನಿಮಗೆ ಹೇಗೆ ಗೊತ್ತು: ಜೊತೆಗೆ ಕೆಲಸ ಮಾಡಿದ್ದೀರಾ, ಜೊತೆಗೆ ಓದಿದ್ದೀರಾ, ಸಂಬಂಧಿಕರಾ, ಬರೀ ಪರಿಚಯವಾ? ಎರಡನೆಯದು, ಇವರು ಈ ಹುದ್ದೆಗೆ ಯಾಕೆ ಸರಿ ಅಂತ ನಿಮಗೆ ಅನ್ನಿಸ್ತದೆ?

ಈ ಎರಡು ಪ್ರಶ್ನೆಗೆ ಸೀನಿಯರ್ ತಮ್ಮ ಹೆಸರಿನಲ್ಲಿ ಉತ್ತರ ಬರೀಬೇಕು. ಅದು ದಾಖಲೆಯಾಗಿ ಉಳೀತದೆ. ನಾಳೆ ರಿಕ್ರೂಟರ್ ಫೋನ್ ಮಾಡಿ “ಈ ಹುಡುಗ ನಿಮಗೆ ನಿಜವಾಗ್ಲೂ ಗೊತ್ತಾ?” ಅಂತ ಕೇಳಬಹುದು. ಅಣ್ಣನ ಮಾತಲ್ಲೇ ಹೇಳೋದಾದ್ರೆ: “ನನ್ನ ಸಹಿ ಬೀಳೂದು ನಿನ್ನ ರೆಸ್ಯೂಮೆ ಮ್ಯಾಲೆ ಅಲ್ಲ ತಮ್ಮಾ, ಆ ಎರಡು ಸಾಲಿನ ಮ್ಯಾಲೆ. ಅವು ಸುಳ್ಳು ಇದ್ರ ಮುಂದಿನ ಸಲ ನಾ ಯಾರನ್ನ ಕಳಿಸಿದ್ರೂ ಅವರು ನಂಬಂಗಿಲ್ಲ.” ಬಹಳ ಕಂಪನಿಗಳಲ್ಲಿ ರೆಫರ್ ಮಾಡಿದವರು ಸೇರಿಕೊಂಡರೆ ಬೋನಸ್ ಕೊಡ್ತಾರೆ, ನಿಜ. ಅದಕ್ಕೇ ಕೆಲವರು ಕೇಳಿದವರನ್ನೆಲ್ಲ ಪೋರ್ಟಲ್‌ಗೆ ತಳ್ಳಿಬಿಡ್ತಾರೆ. ಅಂಥವರ ರೆಫರಲ್ ರಿಕ್ರೂಟರ್‌ಗೂ ಗೊತ್ತಿರ್ತದೆ. ಆ ಹೂಂ ಸುಲಭವಾಗಿ ಸಿಗ್ತದೆ, ತೂಕ ಇರೋದಿಲ್ಲ.

ಪುಣೆ ಅಣ್ಣ ತಮಗೆ ಬರೋ ಮೆಸೇಜುಗಳನ್ನ ಹೆಸರು ಮುಚ್ಚಿ ತೋರಿಸಿದ್ರು. ಒಂದು ಬರೀ ‘ಹಾಯ್ ಅಣ್ಣಾ’. ಮೂರು ದಿನ ಬಿಟ್ಟು ಮತ್ತೆ ‘ಹಾಯ್’. ಇನ್ನೊಂದು ‘ನಿಮ್ಮ ಕಂಪನಿಯಲ್ಲಿ ಏನಾದ್ರೂ ಓಪನಿಂಗ್ ಇದೆಯಾ?’ ಕೇಳಿದವನಿಗೆ ಇದು ಒಂದು ಸಾಲು. ಉತ್ತರ ಕೊಡೋರಿಗೆ ಇದು ಒಂದು ಗಂಟೆ ಕೆಲಸ: ಕಂಪನಿಯ ನೂರಾರು ಹುದ್ದೆಗಳನ್ನ ಅವರೇ ಹುಡುಕಬೇಕು, ಇವನ ಬ್ರ್ಯಾಂಚ್ ಯಾವುದು ಅಂತ ಕೇಳಬೇಕು, ಹೊಂದೋದನ್ನ ಆರಿಸಬೇಕು. ಮೂರನೆಯದು ಬಹಳ ಉದ್ದ. ಮನೆಯ ಕಷ್ಟ ಎಲ್ಲ ಬರೆದು ಕೊನೆಗೆ ‘ನೀವೇ ನನ್ನ ಕೊನೆಯ ಆಸೆ’ ಅಂತ ಮುಗಿದಿತ್ತು. ಪುಣೆ ಅಣ್ಣ ಅದನ್ನ ಓದಿ ಒಂದು ವಾರ ತೆಗೆದೇ ನೋಡಲಿಲ್ಲವಂತೆ. ಸಿಟ್ಟು ಬಂದಿದ್ದಕ್ಕಲ್ಲ, ಇಲ್ಲ ಅಂತ ಹೇಳೋಕೆ ದಾರಿನೇ ಇರಲಿಲ್ಲ ಅನ್ನೋದಕ್ಕೆ. ಇಷ್ಟು ಕೇಳಿದ ಮೇಲೆ ನಮಗೆ ಅನ್ನಿಸಿದ್ದು, ಕಷ್ಟ ಸುಳ್ಳಲ್ಲದಿದ್ರೂ ಅದನ್ನ ಆ ಮೆಸೇಜಿನಲ್ಲಿ ಇಡಬಾರದು. ಫಾರಂನಲ್ಲಿ ಅದಕ್ಕೆ ಬಾಕ್ಸ್ ಇಲ್ಲ. ಅಣ್ಣನ ಲೋನ್ ವಿಷಯ ಮೆಸೇಜಿಗೆ ಬರಬಾರದು ಅಂತ ಅಲ್ಲೇ ತೀರ್ಮಾನ ಆಯ್ತು.

ಇಲ್ಲಿ ಒಂದು ಪ್ರಶ್ನೆ ನಮ್ಮಲ್ಲೇ ಎದ್ದಿತು. ಮಾತೇ ಆಡದ ಅಕ್ಕನಿಗೆ ಕೇಳೋದು ಸರಿನಾ, ಮೊದಲು ಒಂದೆರಡು ತಿಂಗಳು ಪರಿಚಯ ಬೆಳೆಸಬೇಕಾ? ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಬೋಸ್ಟನ್ ಹತ್ತಿರದ ನ್ಯೂಟನ್ ಅನ್ನೋ ಊರಲ್ಲಿ ಜನರಿಗೆ ಕೆಲಸ ಹೇಗೆ ಸಿಕ್ತು ಅಂತ ವಿಚಾರಿಸಿ 1973ರಲ್ಲಿ ಒಂದು ಲೇಖನ, 1974ರಲ್ಲಿ ಒಂದು ಪುಸ್ತಕ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ, ವಾರಕ್ಕೆ ಎರಡು ಸಲ ಭೇಟಿಯಾಗೋ ಆಪ್ತರಿಂದ ಸಿಕ್ಕಿದ್ದು ಕಡಿಮೆ, ಯಾವಾಗಲೋ ಒಮ್ಮೆ ಕಾಣೋರಿಂದ ಸಿಕ್ಕಿದ್ದೇ ಹೆಚ್ಚು. ಕಾರಣ ನಮ್ಮ ಬಸ್ಸಿನಲ್ಲೇ ಕಾಣ್ತದೆ. ನಾವು ಐದು ಜನಕ್ಕೆ ಗೊತ್ತಿರೋ ಓಪನಿಂಗ್‌ಗಳು ಐದೂ ಜನಕ್ಕೂ ಗೊತ್ತು. ಹೊಸ ಸುದ್ದಿ ಬರಬೇಕಾದ್ರೆ ಈ ಬಸ್ಸಿನಲ್ಲಿ ಇಲ್ಲದವರಿಂದಲೇ ಬರಬೇಕು. ಹಾಗಾಗಿ ದೂರದ ಪರಿಚಯ ಅನ್ನೋದು ಅಡ್ಡಿ ಅಲ್ಲ. ಹತ್ತಿರದವರ ಹಾಗೆ ನಟಿಸೋದು ಮಾತ್ರ ಅಡ್ಡಿ, ಯಾಕಂದ್ರೆ ‘ಹೇಗೆ ಗೊತ್ತು’ ಅನ್ನೋ ಬಾಕ್ಸಿನಲ್ಲಿ ಅಕ್ಕ ಏನು ಬರೀಬೇಕು?

ಇನ್ನು ಸಮಯ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಂಪನಿ ಸೈಟಿನಲ್ಲಿ ಹುದ್ದೆ ಕಂಡ ತಕ್ಷಣ ಅಪ್ಲೈ ಬಟನ್ ಒತ್ತಿ, ಆಮೇಲೆ ರೆಫರಲ್ ಕೇಳ್ತೀವಿ. ಬಹಳ ಕಂಪನಿಗಳಲ್ಲಿ ಒಮ್ಮೆ ನೀವೇ ಅಪ್ಲೈ ಮಾಡಿದ ಹುದ್ದೆಗೆ ಆಮೇಲೆ ಬಂದ ರೆಫರಲ್ ಲೆಕ್ಕಕ್ಕೆ ಬರೋದಿಲ್ಲ, ಪೋರ್ಟಲ್ ‘ಈ ಅಭ್ಯರ್ಥಿ ಈಗಾಗಲೇ ಇದ್ದಾರೆ’ ಅಂತ ತೋರಿಸ್ತದೆ. ಮೊದಲು ರೆಫರಲ್, ಆಮೇಲೆ ಆ ರೆಫರಲ್‌ನಿಂದ ಬರೋ ಲಿಂಕಿನಲ್ಲಿ ಅಪ್ಲೈ. ಆ ಲಿಂಕ್ ಬರೋದು ಫಾರಂನಲ್ಲಿ ಕೊಟ್ಟ ಇಮೇಲಿಗೆ. ಕಾಲೇಜಿನ ಇಮೇಲ್ ಕೊಟ್ಟು ಅಪ್ಲೈ ಮಾಡೋವಾಗ ಸ್ವಂತ ಜಿಮೇಲ್ ಹಾಕಿದರೆ ಎರಡೂ ಒಂದಕ್ಕೊಂದು ಅಂಟೋದಿಲ್ಲ, ರೆಫರಲ್ ಗಾಳಿಗೆ ಹೋಗ್ತದೆ. ಎರಡೂ ಕಡೆ ಒಂದೇ ಇಮೇಲ್ ಇರಬೇಕು, ಅದೂ ಡಿಗ್ರಿ ಮುಗಿದ ಮೇಲೆ ಮುಚ್ಚಿಹೋಗದ್ದು. ಲಿಂಕ್ ಬರದಿದ್ರೆ ಸ್ಪ್ಯಾಮ್ ನೋಡಿ.

ಆದರೆ ಇಲ್ಲೊಂದು ಇಕ್ಕಟ್ಟು. ರೆಫರಲ್‌ಗಾಗಿ ಕಾಯ್ತಾ ಕೂತರೆ ಹುದ್ದೆ ಮುಚ್ಚಬಹುದು. ಕಾಯದಿದ್ದರೆ ರೆಫರಲ್ ಹೋಗಬಹುದು. ಈ ಇಕ್ಕಟ್ಟಿಗೆ ಉತ್ತರ ಕೇಳೋ ಮೆಸೇಜಿನಲ್ಲೇ ಇರಬೇಕು, ಅದು ಒಂದು ದಿನಾಂಕ.

ಒಂದು ಶನಿವಾರ ಸಂಜೆ ಅಣ್ಣನ ಮನೆಯಲ್ಲಿ ಕೂತ್ವಿ. ಅಣ್ಣ ಮೊದಲು ಅಕ್ಕನ ಕಂಪನಿಯ ಸೈಟಿನಲ್ಲಿ 0–1 ವರ್ಷ ಅನುಭವ ಅಂತ ಇರೋ ಹುದ್ದೆಗಳನ್ನಷ್ಟೇ ಹುಡುಕಿದರು. ಇದು ಮುಖ್ಯ. ಕೆಲವು ಕಂಪನಿಗಳು ಫ್ರೆಶರ್‌ಗಳನ್ನ ಕ್ಯಾಂಪಸ್‌ನಿಂದ ಮಾತ್ರ ತಗೋತವೆ, ಅಲ್ಲಿ ರೆಫರಲ್‌ಗೆ ಜಾಗವೇ ಇಲ್ಲ. 2–4 ವರ್ಷದ ಹುದ್ದೆಗೆ ರೆಫರ್ ಮಾಡ್ರಿ ಅಂದರೆ ಸೀನಿಯರ್ ಅದನ್ನ ವಿವರಿಸೋ ಕಷ್ಟಕ್ಕೆ ಬೀಳ್ತಾರೆ. ಸಿಕ್ಕಿದ್ದು ಒಂದೇ. ಮೆಸೇಜ್ ಯಾವ ಭಾಷೆಯಲ್ಲಿ ಅನ್ನೋದಕ್ಕೆ ಅರ್ಧ ಗಂಟೆ ಜಗಳ. ಇಂಗ್ಲಿಷ್‌ನಲ್ಲಿ ಬರೆದರೆ ನಮಗೆ ಸುಲಭ, ಆದರೆ ಓದಿದರೆ ರಜಾ ಅರ್ಜಿಯ ಹಾಗೆ ಕಾಣ್ತಿತ್ತು. ಕೊನೆಗೆ ಕನ್ನಡದಲ್ಲೇ ಬರೆದ್ವಿ, ರೆಸ್ಯೂಮೆ ಇಂಗ್ಲಿಷ್‌ನಲ್ಲಿ. ಅಣ್ಣ ಒಪ್ಪಿ ಕಳಿಸಿದ್ದು ಇದು, ಐಡಿ ಮಾತ್ರ ನಾವು ಬದಲಿಸಿದ್ದೀವಿ:

“ಅಕ್ಕಾರ, ನಮಸ್ಕಾರ್ರಿ. ನಾನು ಕಲಘಟಗಿಯವನು, ನೀವು ಓದಿದ ಕಾಲೇಜಿನಲ್ಲೇ ಇ ಆಂಡ್ ಸಿ ಫೈನಲ್ ಇಯರ್. ನಾವಿಬ್ಬರೂ ಮಾತಾಡಿಲ್ಲ.

ನಿಮ್ಮ ಕಂಪನಿಯ R-20417 ಹುದ್ದೆಗೆ, ಎಂಬೆಡೆಡ್ ಸಾಫ್ಟ್‌ವೇರ್, 0–1 ವರ್ಷ, ನನ್ನನ್ನು ರೆಫರ್ ಮಾಡಲು ಆಗುತ್ತದೆಯೇ ಎಂದು ಕೇಳಲು ಬರೆಯುತ್ತಿದ್ದೇನೆ. ಇನ್ನೂ ಅಪ್ಲೈ ಮಾಡಿಲ್ಲ.

ಅವರು ಕೇಳಿರುವುದರಲ್ಲಿ ಸಿ, ಮೈಕ್ರೋಕಂಟ್ರೋಲರ್, ಸೀರಿಯಲ್ ಪ್ರೋಟೋಕಾಲ್ ನನಗೆ ಬರುತ್ತದೆ. ನಮ್ಮ ಕಾಕಾನ ಬೋರ್‌ವೆಲ್ ಪಂಪ್‌ಸೆಟ್‌ಗೆ ನೀರಿಲ್ಲದಾಗ ಮೋಟರ್ ತಾನೇ ನಿಲ್ಲುವ ಒಂದು ಬೋರ್ಡ್ ಮಾಡಿದ್ದೇನೆ, ಫರ್ಮ್‌ವೇರ್ ಪೂರ್ತಿ ನನ್ನದೇ, ಮೂರು ತಿಂಗಳಿಂದ ಹೊಲದಲ್ಲಿ ನಡೆಯುತ್ತಿದೆ. ಆರ್‌ಟಿಓಎಸ್ ಕೂಡ ಕೇಳಿದ್ದಾರೆ, ಅದರಲ್ಲಿ ನಾನು ಕೆಲಸ ಮಾಡಿಲ್ಲ. ಪಿಯುಸಿಯಲ್ಲಿ 57 ಪರ್ಸೆಂಟ್.

ಉತ್ತರಕ್ಕೆ ಒಂದು ಅಂಕಿ ಸಾಕು. 1: ರೆಫರ್ ಮಾಡುತ್ತೇನೆ. 2: ಈ ಹುದ್ದೆಗೆ ಹೊಂದುವುದಿಲ್ಲ. 3: ಈಗ ಆಗುವುದಿಲ್ಲ. ಯಾವುದಕ್ಕೂ ಕಾರಣ ಬೇಕಿಲ್ಲ.

ಗುರುವಾರ ರಾತ್ರಿಯವರೆಗೆ ಉತ್ತರ ಬರದಿದ್ದರೆ 3 ಎಂದು ತಿಳಿದು ಶುಕ್ರವಾರ ನಾನೇ ಅಪ್ಲೈ ಮಾಡುತ್ತೇನೆ. ಈ ಬಗ್ಗೆ ಮತ್ತೆ ಕೇಳುವುದಿಲ್ಲ, ನಮ್ಮ ಮನೆಯಿಂದಲೂ ಯಾರೂ ನಿಮ್ಮ ಮನೆಯವರಿಗೆ ಕೇಳುವುದಿಲ್ಲ. ರೆಸ್ಯೂಮೆ ಜೊತೆಗಿದೆ.”

ಕೆಳಗೆ ಇಮೇಲ್, ಫೋನ್ ನಂಬರ್, ಬೋರ್ಡಿನ ಕೋಡ್ ಇರೋ ಲಿಂಕ್. ರೆಸ್ಯೂಮೆಯನ್ನ ಡ್ರೈವ್ ಲಿಂಕ್ ಆಗಿ ಕಳಿಸಲಿಲ್ಲ, ಪಿಡಿಎಫ್ ಅನ್ನೇ ಸೇರಿಸಿದ್ವಿ. ಲಿಂಕ್ ತೆರೆದಾಗ ‘ಅನುಮತಿ ಕೇಳಿ’ ಅಂತ ಬಂದರೆ ಸೀನಿಯರ್ ಅಲ್ಲಿಗೇ ಬಿಡ್ತಾರೆ. ಫೈಲಿನ ಹೆಸರು `final_new2.pdf` ಅಂತ ಇತ್ತು. ಪೋರ್ಟಲ್‌ನಲ್ಲಿ ಅದೇ ಹೆಸರಿನ ಹತ್ತು ಫೈಲ್ ಇರ್ತವೆ ಅಂತ ಅಣ್ಣನ ಹೆಸರು, ಬ್ರ್ಯಾಂಚ್ ಹಾಕಿ ಬದಲಿಸಿದ್ವಿ.

ನಮ್ಮಲ್ಲಿ ಒಬ್ಬಳಿಗೆ ಅಂಕಿಗಳು ಇಷ್ಟ ಆಗಲಿಲ್ಲ. “ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದಂಗ ಐತಿ, ಕನ್ನಡಕ್ಕಾಗಿ ಎರಡು ಒತ್ತಿ” ಅಂದಳು. ಸ್ವಲ್ಪ ಹಾಗೇ ಇದೆ, ನಿಜ. ತೀರಾ ಪರಿಚಯ ಇರೋರಿಗೆ ನಾವೂ ಹೀಗೆ ಬರೆಯೋದಿಲ್ಲ. ಆದರೆ ನಮ್ಮ ಭಾಷೆಯಲ್ಲಿ ಓಣಿಯ ಹುಡುಗನಿಗೆ ‘ಆಗಂಗಿಲ್ಲ’ ಅಂತ ಟೈಪ್ ಮಾಡೋದು ಎಷ್ಟು ಕಷ್ಟ ಅಂತ ಒಮ್ಮೆ ನೀವೇ ಮಾಡಿ ನೋಡಿ. ಮುಂದೊಂದು ‘ಬ್ಯಾಸರ ಮಾಡ್ಕೋಬ್ಯಾಡ’, ಹಿಂದೊಂದು ‘ಮತ್ತ ನೋಡೋಣು’ ಸೇರಿಸದೆ ಆ ಶಬ್ದ ಹೊರಗೆ ಬರೋದಿಲ್ಲ. 3 ಅಂತ ಒತ್ತೋಕೆ ಅಷ್ಟು ಕಷ್ಟ ಇಲ್ಲ. ಅಂಕಿ ಉಳಿಯಿತು.

ಆರ್‌ಟಿಓಎಸ್ ಬರೋದಿಲ್ಲ, ಪಿಯುಸಿ 57 ಅನ್ನೋ ಸಾಲುಗಳ ಬಗ್ಗೆ ಇನ್ನೂ ದೊಡ್ಡ ವಾದ ಆಯ್ತು. ಕೆಲಸ ಕೇಳೋ ಮೆಸೇಜಿನಲ್ಲಿ ಕೊರತೆ ಯಾಕೆ ಬರೀಬೇಕು? ಅಣ್ಣ ಹೇಳಿದ್ದು: “ಹೆಂಗೂ ಪೋರ್ಟಲ್‌ನಾಗ ಕಾಣ್ತೈತಿ. ಮೊದಲ ಗೊತ್ತಾದ್ರ ಅಕ್ಕಾರಿಗೆ ಇಲ್ಲ ಅನ್ನಾಕ ಒಂದು ಕಾರಣ ಸಿಗ್ತೈತಿ, ನನಗ ಬ್ಯಾಸರಾಗಲಾರದ ಕಾರಣ.” ಇದು ನಮಗೆ ಆಗ ಪೂರ್ತಿ ಹಿಡಿಸಲಿಲ್ಲ, ಈಗ ಹಿಡಿಸಿದೆ. ಇಲ್ಲ ಅನ್ನೋರು ಕಾರಣ ಹುಡುಕ್ತಾರೆ. ನೀವು ಕಾರಣ ಕೊಡದಿದ್ದರೆ ಅವರ ಕೈಗೆ ಸಿಗೋ ಒಂದೇ ಕಾರಣ ‘ನೀನು ಯಾರೋ ನನಗೆ ಗೊತ್ತಿಲ್ಲ’ ಅನ್ನೋದು, ಅದನ್ನ ಊರಿನವನಿಗೆ ಹೇಳೋಕಾಗಲ್ಲ. ಆರ್‌ಟಿಓಎಸ್ ಮೇಲೆ ಹಾಕಿಬಿಟ್ಟರೆ ಯಾರ ಮುಖವೂ ಸಣ್ಣದಾಗೋದಿಲ್ಲ. ಜೊತೆಗೆ, ಕೊರತೆ ಓದಿದ ಮೇಲೂ ಹೂಂ ಅಂದರೆ ಆ ಹೂಂ ಅರ್ಧಕ್ಕೆ ಕೈ ಕೊಡೋದಿಲ್ಲ.

ಕೊನೆಯ ಸಾಲು, ಮನೆಯವರ ಬಗ್ಗೆ, ನಮ್ಮ ಕಡೆಯವರಿಗೆ ಮಾತ್ರ ಬೇಕಾದ್ದು ಇರಬಹುದು. ದೊಡ್ಡ ಊರಿನಲ್ಲಿ ಒಬ್ಬ ಸೀನಿಯರ್ ಇಲ್ಲ ಅಂದರೆ ಅದು ಅಲ್ಲೇ ಮುಗೀತದೆ. ಕಲಘಟಗಿಯಲ್ಲಿ ಅದು ಸಂತೆಗೆ ಬರ್ತದೆ, ಮದುವೆ ಊಟದ ಪಂಕ್ತಿಗೆ ಬರ್ತದೆ. ‘ಅವರ ಮಗಳಿಗೆ ಈಗ ಕೊಂಬು ಬಂದಾವು’ ಅನ್ನೋ ಮಾತು ಹುಟ್ಟೋಕೆ ಎರಡು ದಿನ ಸಾಕು. ಅಕ್ಕನಿಗೆ ಆ ಭಯ ಇರ್ತದೆ. ಆ ಭಯ ತೆಗೆಯದೆ ಬರೀ ‘ಇಲ್ಲ ಅಂದ್ರೂ ಪರವಾಗಿಲ್ಲ’ ಅಂತ ಬರೆದರೆ ಅದು ಬಾಯಿಮಾತು. ಅಪ್ಪನ ಹತ್ತಿರ ಫೋನ್ ಹಚ್ಚೋದಿಲ್ಲ ಅಂತ ಮಾತು ತಗೊಂಡ ಮೇಲೆಯೇ ಅಣ್ಣ ಆ ಸಾಲು ಸೇರಿಸಿದ್ದು.

ಸೋಮವಾರ ಬೆಳಗ್ಗೆ ಮೆಸೇಜ್ ಹೋಯ್ತು. ಬುಧವಾರ ರಾತ್ರಿ ಉತ್ತರ ಬಂತು. ಅದರ ಮೊದಲ ಅಕ್ಷರ 2.

ನಾವು ನಾಲ್ವರೂ ಗುರುವಾರ ಬಸ್ಸಿನಲ್ಲಿ ಅಣ್ಣನ ಮುಖ ನೋಡ್ತಾ ಕೂತಿದ್ವಿ. ಅವರು ಫೋನ್ ನಮ್ಮ ಕೈಗೆ ಕೊಟ್ಟರು. 2ರ ಕೆಳಗೆ ಇನ್ನೂ ನಾಲ್ಕು ಸಾಲು ಇತ್ತು. ಆ ತಂಡಕ್ಕೆ ಆರ್‌ಟಿಓಎಸ್ ಬೇಕೇ ಬೇಕು, ಅದಿಲ್ಲದವರನ್ನ ಮ್ಯಾನೇಜರ್ ಮುಂದೆ ಬಿಡೋದಿಲ್ಲ. ತಮ್ಮದೇ ಟೆಸ್ಟಿಂಗ್ ತಂಡಕ್ಕೆ ಮುಂದಿನ ವಾರ ಒಂದು ಹುದ್ದೆ ತೆರೆಯೋ ಹಾಗಿದೆ, ಅಲ್ಲಿ ಸಿ ಮತ್ತು ಸೀರಿಯಲ್ ಗೊತ್ತಿದ್ದರೆ ಸಾಕು. ಅದಕ್ಕೆ ಆಸಕ್ತಿ ಇದ್ದರೆ ಸೈಟಿನಲ್ಲಿ ಬಂದ ಮೇಲೆ ಹೀಗೇ ಮತ್ತೆ ಬರಿ ತಮ್ಮಾ ಅಂತ ಮುಗಿಸಿದ್ರು. ಪಿಯುಸಿ ಬಗ್ಗೆ ಒಂದು ಮಾತೂ ಇರಲಿಲ್ಲ.

ಆ ಮೊದಲನೆಯ ಹುದ್ದೆಗೆ ಅಣ್ಣ ಶುಕ್ರವಾರ ತಾವೇ ಅಪ್ಲೈ ಮಾಡಬೇಕಾ ಬೇಡವಾ ಅಂತ ಯೋಚಿಸಿ ಬಿಟ್ಟರು. ಒಂದೇ ಕಂಪನಿಗೆ ಕಡಿಮೆ ಅವಧಿಯಲ್ಲಿ ಎಷ್ಟು ಹುದ್ದೆಗೆ ಅಪ್ಲೈ ಮಾಡಬಹುದು ಅನ್ನೋದಕ್ಕೆ ಕೆಲವು ಕಡೆ ಮಿತಿ ಇರ್ತದೆ, ಮತ್ತು ಹೊಂದೋದಿಲ್ಲ ಅಂತ ಒಳಗಿನವರೇ ಹೇಳಿದ ಮೇಲೆ ಒಂದು ಅವಕಾಶ ಅಲ್ಲಿ ಕಳೆಯೋದು ಬೇಡ ಅನ್ನಿಸ್ತು.

ಎರಡನೇ ಮೆಸೇಜ್ ಐದೇ ಸಾಲು: ಹೊಸ ಐಡಿ, ಟೆಸ್ಟಿಂಗ್ ಬಗ್ಗೆ ತಾನು ಮಾಡಿದ ಒಂದೇ ಕೆಲಸ, ಅದೇ ಮೂರು ಅಂಕಿ, ಹೊಸ ದಿನಾಂಕ, ಪಿಡಿಎಫ್. ಒಂದೇ ಕೆಲಸ ಅಂದ್ರೆ, ಹೊಲದಲ್ಲಿ ಥ್ರೀ ಫೇಸ್ ಕರೆಂಟ್ ಹೋಗಿ ಹೋಗಿ ಬರೋವಾಗ ಬೋರ್ಡ್ ಹ್ಯಾಂಗ್ ಆಗ್ತಿತ್ತು, ಅದನ್ನ ಮನೆಯಲ್ಲೇ ಮತ್ತೆ ಮತ್ತೆ ಬರಿಸೋಕೆ ಅಣ್ಣ ರಿಲೇ ಹಾಕಿ ರಾತ್ರಿಯೆಲ್ಲ ಸಪ್ಲೈ ಆನ್ ಆಫ್ ಮಾಡೋ ಒಂದು ಸಣ್ಣ ಸೆಟಪ್ ಮಾಡಿದ್ರು. ಮೊದಲ ಮೆಸೇಜಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಟೆಸ್ಟಿಂಗ್ ಹುದ್ದೆಗೆ ಇದೇ ಮುಖ್ಯ. ಪ್ರತಿ ಐಡಿಗೂ ಮೆಸೇಜ್ ಬೇರೆ ಬರೀಬೇಕು ಅನ್ನೋದು ಇದಕ್ಕೇ.

ಈ ಸಲ ಅಕ್ಕ ಅಂಕಿ ಕಳಿಸಲಿಲ್ಲ, ಇಪ್ಪತ್ತು ನಿಮಿಷ ಫೋನ್ ಮಾಡಿದ್ರು. ಆ ರಿಲೇ ಸೆಟಪ್ ಬಗ್ಗೆ ಕೇಳಿದ್ರು, ಕೋಡ್ ತೆರೆಸಿ ಎರಡು ಫಂಕ್ಷನ್ ವಿವರಿಸೋಕೆ ಹೇಳಿದ್ರು. ಆಮೇಲೆ ‘ಹೇಗೆ ಗೊತ್ತು’ ಬಾಕ್ಸಿನಲ್ಲಿ ಏನು ಹಾಕ್ತೀನಿ ಅಂತ ತಾವೇ ಓದಿ ಹೇಳಿದ್ರು: ಒಂದೇ ಕಾಲೇಜು, ಒಂದೇ ಊರು, ಜೊತೆಗೆ ಕೆಲಸ ಮಾಡಿಲ್ಲ, ಕೋಡ್ ಓದಿದ್ದೇನೆ, ಒಂದು ತೊಂದರೆಯನ್ನ ಮತ್ತೆ ಬರಿಸಿ ಹಿಡಿಯೋ ತಾಳ್ಮೆ ಇದೆ. ಇಷ್ಟರಲ್ಲಿ ಸುಳ್ಳು ಒಂದೂ ಇಲ್ಲ. ಮರುದಿನ ಅಣ್ಣನ ಜಿಮೇಲಿಗೆ ಲಿಂಕ್ ಬಂತು, ಅದೇ ಇಮೇಲಿನಿಂದ ಅಪ್ಲೈ ಮಾಡಿದ್ರು.

ಆನ್‌ಲೈನ್ ಟೆಸ್ಟ್ ಆಯ್ತು, ಮೊದಲ ಇಂಟರ್ವ್ಯೂ ಆಯ್ತು. ಪ್ರತಿ ಹಂತ ಮುಗಿದ ಮೇಲೆ ಅಣ್ಣ ಅಕ್ಕನಿಗೆ ಒಂದು ಸಾಲು ಕಳಿಸ್ತಾರೆ, ‘ಟೆಸ್ಟ್ ಮುಗೀತ್ರಿ’ ಅಂತ. ‘ಏನಾತ್ರಿ, ಸ್ವಲ್ಪ ವಿಚಾರಸ್ರಿ’ ಅಂತ ಒಂದು ಸಲವೂ ಕೇಳಿಲ್ಲ. ರೆಫರ್ ಮಾಡಿದ ಮೇಲೆ ಅವರ ಕೈಯಲ್ಲಿ ಉಳಿಯೋದು ಬಹಳ ಕಡಿಮೆ, ಪೋರ್ಟಲ್‌ನಲ್ಲಿ ಯಾವ ಹಂತ ಅಂತ ಕಾಣಬಹುದು ಅಷ್ಟೇ. ಅಲ್ಲಿಂದ ಮುಂದೆ ಒತ್ತಡ ಹಾಕಿದರೆ ಕೊಟ್ಟ ಹೂಂ ಕೂಡ ಅವರಿಗೆ ಭಾರ ಆಗ್ತದೆ.

ಇದನ್ನ ಬರೆಯೋ ಹೊತ್ತಿಗೆ ಎರಡನೇ ಇಂಟರ್ವ್ಯೂ ತಾರೀಖು ಬಂದಿಲ್ಲ. ಅಣ್ಣ ಅಷ್ಟರಲ್ಲಿ ಆರ್‌ಟಿಓಎಸ್ ಕಲಿಯೋಕೆ ಶುರು ಮಾಡಿ, ಇನ್ನೆರಡು ಕಂಪನಿಗೆ ಇನ್ನಿಬ್ಬರು ಸೀನಿಯರ್‌ಗಳಿಗೆ ಇದೇ ಥರ ಬರೆದಿದ್ದಾರೆ. ಒಬ್ಬರಿಂದ 3 ಬಂತು, ಒಬ್ಬರಿಂದ ದಿನಾಂಕ ಕಳೆದರೂ ಏನೂ ಬರಲಿಲ್ಲ, ಅಲ್ಲಿ ಹೇಳಿದ ಹಾಗೆ ತಾವೇ ಅಪ್ಲೈ ಮಾಡಿದ್ರು. ಹೋದ ವಾರ ಊರಿನ ಒಂದು ತೊಟ್ಟಿಲ ಕಾರ್ಯದಲ್ಲಿ ಅಣ್ಣನ ಅವ್ವ, ಅಕ್ಕನ ಅವ್ವ ಪಕ್ಕಪಕ್ಕ ಕೂತು ಊಟ ಮಾಡಿದ್ರಂತೆ. ಮಾತೆಲ್ಲ ತೊಟ್ಟಿಲಿನ ಬಣ್ಣದ ಮೇಲೆ, ಈಗಿನ ತೊಟ್ಟಿಲಿಗೆ ಎಷ್ಟು ರೊಕ್ಕ ಕೇಳ್ತಾರೆ ಅನ್ನೋದರ ಮೇಲೆ. ಈ ವಿಷಯ ಅಲ್ಲಿ ಬರಲೇ ಇಲ್ಲ.